ಕ್ರಾಸ್‌ಓವರ್ ನೋಡೇ ತಗೊಂಡೆ, ಆದ್ರೂ ಲಾಸ್ ಯಾಕಣ್ಣಾ?

ಪ್ರಶ್ನೆ: ಅಣ್ಣಾ, 5 ದಿನದ ಮೂವಿಂಗ್ ಆವರೇಜ್ 10 ದಿನದ್ದನ್ನು ಮೇಲಕ್ಕೆ ದಾಟಿದ ಮೇಲೇ ಶೇರು ತಗೊಂಡೆ, ಕೆಳಗೆ ದಾಟಿದ ದಿನವೇ ಮಾರಿದೆ. ಎಂಎಸಿಡಿ, ಆರ್‌ಎಸ್‌ಐ ಕೂಡ ಸರಿಯಾಗೇ ಇದ್ದವು. ದುಡ್ಡು ಮಾತ್ರ ಕಡಿಮೆಯಾಗಿದೆ. ಇವುಗಳಲ್ಲಿ ಯಾವುದನ್ನು ನಂಬಲಿ?

ತಮ್ಮಾ, ನೀನು ರೂಲ್ ಮುರಿದಿಲ್ಲ. ರೂಲ್ ಪಾಲಿಸಿದ್ದಕ್ಕೇ ಹೀಗಾಗಿದೆ. ಪೆನ್ನು ಪೇಪರ್ ತಗೊಂಡು ಕೂತ್ಕೋ, ಲೆಕ್ಕ ಮಾಡೋಣ.

ಒಂದು ಶೇರು 120ರಿಂದ ದಿನಕ್ಕೆ 2 ರೂಪಾಯಿಯಂತೆ 100ಕ್ಕೆ ಇಳಿಯಿತು ಅಂತಿಟ್ಟುಕೋ. ಅಲ್ಲಿಂದ ಅದೇ ವೇಗದಲ್ಲಿ 120ಕ್ಕೆ ಏರಿ, ಮತ್ತೆ ಇಳಿಯತೊಡಗಿತು. ತಳ ಮುಟ್ಟಿ ನಾಲ್ಕನೇ ದಿನ ಬೆಲೆ 108. ಆಗ 5 ದಿನದ ಸರಾಸರಿ 104, 10 ದಿನದ್ದು 105, ಇನ್ನೂ ದಾಟಿಲ್ಲ. ಐದನೇ ದಿನ 106 ಮತ್ತು 105, ಅಂದರೆ ಬೈ ಸಿಗ್ನಲ್ ಬಂತು. ಆದರೆ ಅವತ್ತಿನ ಬೆಲೆ 110. ಏರಿಕೆಯ ಅರ್ಧ ಆಗಲೇ ಮುಗಿದಿದೆ.

ಈಗ ತುದಿಗೆ ಬಾ. 120 ಮುಟ್ಟಿ ಇಳಿಯುವಾಗ ನಾಲ್ಕನೇ ದಿನ ಬೆಲೆ 112ಕ್ಕೆ ಬಂದಿರುತ್ತೆ, 10 ದಿನದ ಗೆರೆ ಮಾತ್ರ ಇನ್ನೂ ಮೇಲಕ್ಕೇ ಹೋಗ್ತಿರುತ್ತೆ! ಯಾಕೆ ಅಂದರೆ ಅವತ್ತು ಲೆಕ್ಕದೊಳಗೆ ಬಂದದ್ದು 112, ಹತ್ತು ದಿನ ಹಳೆಯದಾಗಿ ಹೊರಗೆ ಹೋದದ್ದು 108. ಬಂದದ್ದು ಹೋದದ್ದಕ್ಕಿಂತ ದೊಡ್ಡದು, ಹಾಗಾಗಿ ಸರಾಸರಿ ಏರಲೇಬೇಕು. ಸೆಲ್ ಸಿಗ್ನಲ್ ಬರುವುದು ಮರುದಿನ, 110ರಲ್ಲಿ.

ಕೊಂಡದ್ದೂ 110, ಮಾರಿದ್ದೂ 110. ಮೇಲೆ ಬ್ರೋಕರೇಜು, ಎಸ್‌ಟಿಟಿ. ನಿನ್ನ ಲಾಸ್ ಎಲ್ಲಿಂದ ಬಂತು ಗೊತ್ತಾಯ್ತಲ್ವಾ?

ದಿನ ಕಡಿಮೆ ಮಾಡಿದರೆ ಬೇಗ ಸಿಗ್ನಲ್ ಬರಲ್ವಾ ಅಂತ ಮುಂದಿನ ಪ್ರಶ್ನೆ ಬರುತ್ತೆ, ನಾನೂ ಕೇಳಿದ್ದೆ. ಬರುತ್ತೆ. ಒಂದೇ ವೇಗದಲ್ಲಿ ಸಾಗುವ ಬೆಲೆಯಲ್ಲಿ ಸಾಮಾನ್ಯ ಸರಾಸರಿ ಸುಮಾರು ಅರ್ಧ ಅವಧಿಯಷ್ಟು ಹಿಂದಿರುತ್ತೆ. 10 ದಿನದ್ದು ನಾಲ್ಕೂವರೆ ದಿನ, 200 ದಿನದ್ದು ಸುಮಾರು ನೂರು ದಿನ. ಅವಧಿ ಇಳಿಸಿದರೆ ತಡ ಕಡಿಮೆಯಾಗುತ್ತೆ, ಆದರೆ ಮಾರ್ಕೆಟ್ ಎತ್ತಲೂ ಹೋಗದೆ ನಿಂತಲ್ಲೇ ಅಲ್ಲಾಡುವಾಗ ಸುಮ್ನೆ ದಿನ ಬಿಟ್ಟು ದಿನ ಕೊಳ್ಳು, ಮಾರು ಅನ್ನುತ್ತೆ. ಪ್ರತಿ ಸಲವೂ ಸ್ವಲ್ಪ ದುಡ್ಡು ಹೋಗುತ್ತೆ. ಈ ಎರಡೂ ಕಾಟ ಇಲ್ಲದ ಸೆಟ್ಟಿಂಗ್ ಹುಡುಕಿ ನಾನು ಕಳೆದ ರಾತ್ರಿಗಳಿಗೆ ಲೆಕ್ಕವಿಲ್ಲ, ನೀನು ಆ ಕೆಲಸಕ್ಕೆ ಹೋಗಬೇಡ.

ಇನ್ನು ಮೂರೂ ಒಪ್ಪಿದ್ದವು ಅಂದೆಯಲ್ಲ. ಎಂಎಸಿಡಿ ಅಂದರೆ 12 ದಿನದ ಸರಾಸರಿಯಿಂದ 26 ದಿನದ್ದನ್ನು ಕಳೆದದ್ದು, ಎರಡರಲ್ಲೂ ಹೊಸ ದಿನಗಳಿಗೆ ತೂಕ ಜಾಸ್ತಿ ಅಷ್ಟೇ. ಆರ್‌ಎಸ್‌ಐ ಅಂದರೆ ಸಾಮಾನ್ಯವಾಗಿ 14 ದಿನಗಳಲ್ಲಿ ಏರಿದ್ದೆಷ್ಟು, ಇಳಿದದ್ದೆಷ್ಟು ಅನ್ನುವ ಹೋಲಿಕೆ. ಎಲ್ಲವೂ ಅದೇ ಕ್ಲೋಸಿಂಗ್ ಬೆಲೆಯಿಂದ ಮಾಡಿದ ಅಡುಗೆ. ಅಕ್ಕಿ ಒಂದೇ, ಅನ್ನ, ದೋಸೆ, ಇಡ್ಲಿ ಅಂತ ಬೇರೆ ಹೆಸರು. ಮೂರೂ ಒಪ್ಪಿದರೆ ಮೂರು ಸಾಕ್ಷಿ ಸಿಕ್ಕಂತಲ್ಲ, ಒಬ್ಬನ ಹತ್ತಿರವೇ ಮೂರು ಸಲ ಸಹಿ ಹಾಕಿಸಿದಂತೆ.

2024ರ ಜೂನ್ 3 ನೆನಪಿದೆಯಾ? ಎಕ್ಸಿಟ್ ಪೋಲ್ ನೋಡಿ ನಿಫ್ಟಿ 3 ಪರ್ಸೆಂಟ್‌ಗಿಂತ ಜಾಸ್ತಿ ಜಿಗಿದು 23,264ರ ಹತ್ತಿರ ಮುಗಿಯಿತು. ಹೊಸ ದಾಖಲೆ. ಮರುದಿನ ಮತ ಎಣಿಕೆ. ನಿಫ್ಟಿ ಹತ್ತಿರ ಹತ್ತಿರ 6 ಪರ್ಸೆಂಟ್ ಬಿದ್ದು 21,885ರ ಆಸುಪಾಸಿಗೆ ಬಂತು. ಬೆಲೆಯಿಂದ ಮಾಡಿದ ಯಾವ ಗೆರೆಗೂ ನಾಳೆ ಎಣಿಕೆ ಇದೆ ಅನ್ನುವುದು ಗೊತ್ತಿರಲು ಸಾಧ್ಯವಿಲ್ಲ, ಗೋಡೆಯ ಕ್ಯಾಲೆಂಡರಿಗೆ ಗೊತ್ತಿತ್ತು. ಅವತ್ತು ಹೆದರಿ ಕೆಳಗೆ ಮಾರಿದವರ ಕಣ್ಣೆದುರೇ ಜೂನ್ 7ಕ್ಕೆ ಅದು ಮತ್ತೆ 23,290ಕ್ಕೆ ಬಂತು.

ಅದಕ್ಕೇ ನಾನು ಒಂದೇ ಒಂದು ಆವರೇಜ್ ಇಟ್ಟುಕೊಂಡು, ಪಕ್ಕದಲ್ಲಿ ಬೇರೆ ಜಾತಿಯ ಮಾಹಿತಿ ನೋಡುತ್ತೇನೆ. ಮೊದಲು ವಾಲ್ಯೂಮ್: ಬೆಲೆ ಏರಿದ ದಿನ ಕೈ ಬದಲಾದ ಶೇರು ಹಿಂದಿನ ದಿನಗಳಿಗಿಂತ ಜಾಸ್ತಿ ಇತ್ತಾ? ಆಮೇಲೆ ಕ್ಯಾಲೆಂಡರ್: ಕಂಪನಿಯ ರಿಸಲ್ಟ್, ಆರ್‌ಬಿಐ ಪಾಲಿಸಿ ಯಾವಾಗ? ಕೊನೆಗೆ ಜಾಗ. ಮೇಲಿನ ಲೆಕ್ಕದಲ್ಲೇ ನೋಡು, 110ರಲ್ಲಿ ಕೊಳ್ಳುವವನಿಗೆ ಹಿಂದಿನ ತುದಿ 120 ಕೇವಲ 10 ರೂಪಾಯಿ ದೂರ, ಹಿಂದಿನ ತಳ 100 ಕೂಡ 10 ರೂಪಾಯಿ ದೂರ. ಸ್ಟಾಪ್‌ಲಾಸ್ ತಳದ ಕೆಳಗೆ ಇಟ್ಟರೆ ಕಳೆದುಕೊಳ್ಳುವುದೇ ಜಾಸ್ತಿ. ನಾನಾದರೆ ಬಿಟ್ಟುಬಿಡ್ತೀನಿ. ಇಷ್ಟು ನೋಡಿಯೂ ಎಷ್ಟೋ ಟ್ರೇಡ್ ತಪ್ಪುತ್ತವೆ, ಆದರೆ ಹೋಗುವ ಮೊತ್ತ ಎಷ್ಟು ಅಂತ ಮೊದಲೇ ಗೊತ್ತಿರುತ್ತೆ. ಗ್ಯಾಪ್ ಡೌನ್ ಆದ ದಿನ ಅದೂ ಗ್ಯಾರಂಟಿ ಇಲ್ಲ, ಸ್ಟಾಪ್ ಹಾಕಿದ ಬೆಲೆ ಸಿಗದೇ ಹೋಗಬಹುದು.

ಇನ್ನೊಂದು. ಕ್ಯಾಂಡಲ್ ಮುಗಿಯುವ ಮೊದಲು ಕಾಣುವ ಕ್ರಾಸ್ ನಂಬಬೇಡ. ಮಧ್ಯಾಹ್ನ 2 ಗಂಟೆಗೆ ದಾಟಿದ ಗೆರೆ ಮೂರೂವರೆಗೆ ಮಾರ್ಕೆಟ್ ಮುಚ್ಚುವಾಗ ಹಿಂದೆ ಸರಿದಿರಬಹುದು, ಸಂಜೆ ಚಾರ್ಟ್ ತೆಗೆದರೆ ಅಲ್ಲಿ ಸಿಗ್ನಲ್ಲೇ ಇರಲ್ಲ.

ಈ ವಾರ ನಿನ್ನ ಕೊನೆಯ ಐದು ಟ್ರೇಡ್ ತೆಗಿ. ಪ್ರತಿಯೊಂದರಲ್ಲೂ ತಳದಿಂದ ನೀನು ಕೊಂಡ ಬೆಲೆಗೆ ಎಷ್ಟು ರೂಪಾಯಿ, ಅಲ್ಲಿಂದ ತುದಿಗೆ ಎಷ್ಟು ಅಂತ ಬರೆದು ನನಗೆ ಫೋಟೋ ಕಳಿಸು.