ಇಷ್ಟು ಓದಿದ ಅಪ್ಪನಿಗೂ ಮರೆವಿನ ಕಾಯಿಲೆಯಾ?

ಬದಿಯಡ್ಕ ಕಡೆಯ ಓದುಗರೊಬ್ಬರ ಪ್ರಶ್ನೆ: ಅಪ್ಪ ರಿಟೈರ್ಡ್ ಕನ್ನಡ ಮಾಷ್ಟ್ರು, 77 ವರ್ಷ, ತಾಳಮದ್ದಳೆಯಲ್ಲಿ ಅರ್ಥ ಹೇಳ್ತಿದ್ದವರು, ಕನ್ನಡ ತುಳು ಮಲಯಾಳ ಮೂರೂ ನೀರು ಕುಡಿದ ಹಾಗೆ. ಎರಡು ವರ್ಷದಿಂದ ಭಾರೀ ಸ್ಪೀಡಲ್ಲಿ ಇಳೀತಾ ಇದ್ದಾರೆ, ಡಾಕ್ಟ್ರು ಅಲ್ಜೈಮರ್ಸ್ ಅಂದ್ರು. ಓದಿದವರಿಗೆ ಇದು ಬರುವುದಿಲ್ಲ ಅಂತಾರಲ್ಲ?

ಬರುವುದಿಲ್ಲ ಅಂತಲ್ಲ ಮಾರಾಯ್ರೆ, ಕಾಣಿಸಿಕೊಳ್ಳುವುದು ತಡ. ಅಲ್ಜೈಮರ್ಸಲ್ಲಿ ಮಿದುಳಿನೊಳಗೆ ಅಮಿಲಾಯ್ಡ್, ಟಾವ್ ಅಂತ ಎರಡು ಪ್ರೋಟೀನು ಗಂಟುಕಟ್ಟುವುದು ಮರೆವು ಶುರುವಾಗುವ ಎಷ್ಟೋ ವರ್ಷ ಮೊದಲೇ ಶುರುವಾಗಿರ್ತದೆ, ಓದು ಅದನ್ನು ತಡೀತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಓದು, ಭಾಷೆ, ತಲೆ ಓಡಿಸುವ ಕೆಲಸ ಇದ್ದವರ ಮಿದುಳು ಅಷ್ಟು ಹಾಳಾದರೂ ಬೇರೆ ದಾರಿಯಲ್ಲಿ ಕೆಲಸ ಸಾಗಿಸ್ತದೆ, ಇದಕ್ಕೇ ಕಾಗ್ನಿಟಿವ್ ರಿಸರ್ವ್ ಅನ್ನುವುದು. ಹೈವೇ 66 ಅಗೆದು ಹಾಕಿದ್ದಾಗ ಒಳದಾರಿ ಗೊತ್ತಿದ್ದ ಆಟೋದವ ಹೇಗೋ ಕಾಸರಗೋಡು ಮುಟ್ಟಿಸ್ತಿದ್ದ, ಒಳದಾರಿಯೂ ಬಂದ್ ಆದ್ರೆ ಅವನೂ ನಿಲ್ಲಲೇಬೇಕು, ಅಷ್ಟೆ.

ನಿಮ್ಮ ಅಪ್ಪ ಈಗ ಆ ಹಂತದಲ್ಲಿರಬಹುದು. ಪ್ರಸಂಗದ ನಡೆ ಮರೆತರೆ ಅರ್ಥಧಾರಿ ಒಂದು ಶ್ಲೋಕ ಹಾಕಿ ಎದುರಿನವನಿಗೇ ಪ್ರಶ್ನೆ ಎಸೆದು ದಾಟಿಬಿಡ್ತಾನೆ, ಸಭೆಗೆ ಗೊತ್ತೇ ಆಗುವುದಿಲ್ಲ, ಮನೆಯಲ್ಲೂ ಹಾಗೇ ಎಷ್ಟೋ ಸಲ ದಾಟಿಸಿರ್ತಾರೆ. ಹಾಗಾಗಿ ಹೊರಗೆ ಕಾಣುವಷ್ಟು ಮರೆವು ಬರುವಾಗ ಒಳಗೆ ರೋಗ ಬಹಳ ಮುಂದೆ ಹೋಗಿರ್ತದೆ, ಆಮೇಲಿನ ಇಳಿತವೂ ಜೋರು. ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಹಿರಿಯರನ್ನು ವರ್ಷಗಟ್ಟಲೆ ಗಮನಿಸಿ 2007ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಒಂದೊಂದು ವರ್ಷದ ಶಾಲೆ ಓದಿಗೆ ಈ ಜೋರು ಇಳಿತ ಶುರುವಾಗುವುದು ಸುಮಾರು ಎರಡೂವರೆ ತಿಂಗಳು ಮುಂದೆ ಹೋಗಿತ್ತು, ಆದ್ರೆ ಶುರುವಾದ ಮೇಲೆ ಹೆಚ್ಚು ಓದಿದವರೇ ಬೇಗ ಇಳಿದಿದ್ದರು.

ಇನ್ನು ಭಾಷೆ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಸುವರ್ಣಾ ಅಲ್ಲಾಡಿ ಮತ್ತು ತಂಡದವರು ಡಿಮೆನ್ಶಿಯಾ ಅಂದ್ರೆ ಮರೆವಿನ ಕಾಯಿಲೆಯ 648 ರೋಗಿಗಳನ್ನು ನೋಡಿ 2013ರಲ್ಲಿ ಬರೆದರು, ಎರಡೋ ಹೆಚ್ಚೋ ಭಾಷೆ ಆಡುವವರಿಗೆ ಲಕ್ಷಣ ಸುಮಾರು ನಾಲ್ಕೂವರೆ ವರ್ಷ ತಡ, ಶಾಲೆ ಮೆಟ್ಟಿಲು ಹತ್ತದವರಲ್ಲೂ ವ್ಯತ್ಯಾಸ ಇತ್ತು. ನಮ್ಮ ಕಾಸರಗೋಡಿನವರಿಗೆ ಖುಷಿಯಾಗುವ ಸುದ್ದಿಯೇ, ಆದ್ರೆ ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಆರೋಗ್ಯವಾಗಿದ್ದವರನ್ನು ಮೊದಲಿಂದ ಗಮನಿಸಿದ ಅಧ್ಯಯನಗಳಲ್ಲಿ ಇಷ್ಟು ಸ್ಪಷ್ಟವಾಗಿ ಸಿಕ್ಕಿಲ್ಲ.

ಓದಿದವರ ಮನೆಯವರು ಮೋಸಹೋಗುವುದು ಟೆಸ್ಟಿನಲ್ಲಿ. ತಾರೀಕು ಯಾವುದು, ನೂರರಿಂದ ಏಳೇಳು ಕಳೀರಿ ಅಂತೆಲ್ಲ ಕೇಳುವ 30 ಮಾರ್ಕಿನ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 24ಕ್ಕಿಂತ ಕಮ್ಮಿ ಬಂದ್ರೆ ಡೌಟು. ಮಾಷ್ಟ್ರು ರೋಗ ಶುರುವಾಗಿದ್ದರೂ 27 ತೆಗೀಬಹುದು, ನಾರ್ಮಲ್ ಅಂತ ವಾಪಸ್ ಕಳಿಸ್ತಾರೆ. ಅದಕ್ಕೇ ಡಾಕ್ಟರ ಹತ್ರ ಹೋಗುವಾಗ ಮೊದಲು ಏನು ಮಾಡ್ತಿದ್ರು, ಈಗ ಯಾವುದಕ್ಕೆ ತಡವರಿಸ್ತಾರೆ ಅಂತ ಹೇಳಿ: ಭಜನಾ ಮಂದಿರದ ಲೆಕ್ಕ ತಾನೇ ಬರೀತಿದ್ದವರು ಈಗ ಇನ್ನೊಬ್ಬರಿಗೆ ದಾಟಿಸ್ತಾರಾ, ಪೇಪರು ಓದಿ ಮುಗಿಸಿ ಅದೇ ಪುಟ ಪುನಃ ತೆಗೀತಾರಾ.

ಮತ್ತೆ ಇಳಿತ ತಿಂಗಳುಗಳಲ್ಲಿ ಅಲ್ಲ, ಎರಡು ಮೂರು ದಿನದಲ್ಲೇ ಆದ್ರೆ ಅದನ್ನು ಅಲ್ಜೈಮರ್ಸ್ ಲೆಕ್ಕಕ್ಕೆ ಹಾಕಬೇಡಿ, ಮೂತ್ರದ ಸೋಂಕೋ, ಸೋಡಿಯಂ ಇಳಿದದ್ದೋ, ಸ್ಟ್ರೋಕೋ ಇರಬಹುದು, ಅವತ್ತೇ ಕರ್ಕೊಂಡು ಹೋಗಿ.