63 ಕೆವಿಎ ಟಿಸಿಗೆ ಎಷ್ಟು ಆಂಪಿಯರ್ ಫ್ಯೂಸ್?

ಹೊಲದ ಬದಿಯಲ್ಲಿ ಎರಡು ಕಂಬಗಳ ಮೇಲೆ ಕೂತಿರುವ 63 ಕೆವಿಎ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಬುಡದಲ್ಲೇ ಮನೆ, ಪಂಪ್‌ಗಳಿಗೆ ಹೋಗುವ 433 ವೋಲ್ಟ್‌ನ ಎಲ್‌ಟಿ ತಂತಿಗಳು ಮೂರೂ ಒಂದಕ್ಕೊಂದು ತಾಗಿ ಶಾರ್ಟ್ ಆದವು ಎಂದುಕೊಳ್ಳಿ. ಎಲ್‌ಟಿ ಕಡೆ 1,800 ಆಂಪಿಯರಿಗೂ ಹೆಚ್ಚು ಕರೆಂಟ್ ಹರಿಯುತ್ತದೆ. ಅದೇ ಹೊತ್ತಿಗೆ ಮೇಲೆ 11,000 ವೋಲ್ಟ್‌ನ ಎಚ್‌ಟಿ ಕಡೆ ಹರಿಯುವುದು 73 ಆಂಪಿಯರ್ ಮಾತ್ರ. ಲೈನಿನ ಅಲ್ಯೂಮಿನಿಯಂ ತಂತಿಯಿಂದ ಬಿಡಿಸಿ ತೆಗೆದ 2.59 ಮಿ.ಮೀ. ದಪ್ಪದ ಒಂದು ಎಳೆ ಕರಗಲು ಸುಮಾರು 250 ಆಂಪಿಯರ್ ಬೇಕು. ಎಚ್‌ಟಿ ಫ್ಯೂಸ್ ತಂತಿಯ ಜಾಗದಲ್ಲಿ ಅಂಥ ಎಳೆ ಕಟ್ಟಿದ್ದರೆ ಅದು ತಣ್ಣಗೆ ಕೂತಿರುತ್ತದೆ, ಕೆಳಗೆ ಟಿಸಿಯ ಸುರುಳಿ ಸುಡುತ್ತದೆ. ಇಂಥ ಎಳೆ ಕಟ್ಟುವ ರೂಢಿಯನ್ನು ಬರೀ ಬೇಜವಾಬ್ದಾರಿ ಎಂದು ತಳ್ಳಿಹಾಕುವಂತಿಲ್ಲ. ಸರಿಯಾದ ಫ್ಯೂಸ್ ಹಾಕಿದರೂ ಅದು ಪದೇ ಪದೇ ಹೋಗುತ್ತಿದ್ದರೆ ಪವರ್‌ಮ್ಯಾನ್ ದಪ್ಪ ತಂತಿಗೆ ಕೈಹಾಕುತ್ತಾನೆ. ಆದ್ದರಿಂದ ಫ್ಯೂಸ್ ಯಾವಾಗ ಹೋಗಬೇಕು ಎನ್ನುವಷ್ಟೇ ಯಾವಾಗ ಹೋಗಬಾರದು ಎನ್ನುವುದನ್ನೂ ಲೆಕ್ಕ ಹಾಕಬೇಕು.

ಲೆಕ್ಕ ಶುರುವಾಗುವುದು ಪೂರ್ಣ ಲೋಡಿನ ಕರೆಂಟಿನಿಂದ. 63,000ವನ್ನು 1.732 × 11,000ರಿಂದ ಭಾಗಿಸಿದರೆ 3.3 ಆಂಪಿಯರ್ ಬರುತ್ತದೆ. 433 ವೋಲ್ಟ್‌ನ ಎಲ್‌ಟಿ ಕಡೆ ಇದೇ 84 ಆಂಪಿಯರ್ ಆಗುತ್ತದೆ. 3.3 ಬಂತೆಂದು 4 ಆಂಪಿಯರ್ ಫ್ಯೂಸ್ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಟಿಸಿಯನ್ನು ಚಾರ್ಜ್ ಮಾಡಿದ ಮೊದಲ ಕ್ಷಣದಲ್ಲಿ, ಎಲ್‌ಟಿ ಕಡೆ ಒಂದು ಬಲ್ಬ್ ಕೂಡ ಉರಿಯದಿದ್ದರೂ, ಅದು ತನ್ನ ಪೂರ್ಣ ಲೋಡಿನ ಹತ್ತಾರು ಪಟ್ಟು ಕರೆಂಟ್ ಎಳೆಯಬಲ್ಲದು. ಇದೇ ಇನ್‌ರಶ್ ಕರೆಂಟ್. ಹಿಂದಿನ ಸಲ ಆಫ್ ಆದಾಗ ಕಬ್ಬಿಣದ ಕೋರ್‌ನಲ್ಲಿ ಒಂದಿಷ್ಟು ಕಾಂತತ್ವ ಉಳಿದಿರುತ್ತದೆ. ವೋಲ್ಟೇಜಿನ ಅಲೆ ಸೊನ್ನೆಯಲ್ಲಿದ್ದಾಗಲೇ ಸ್ವಿಚ್ ಕೂಡಿತೆಂದರೆ ಹೊಸದಾಗಿ ಏಳುವ ಕಾಂತತ್ವ ಮಾಮೂಲಿನ ಇಮ್ಮಡಿಯತ್ತ ಹೋಗುತ್ತದೆ, ಹಳೆಯದೂ ಅದೇ ದಿಕ್ಕಿನಲ್ಲಿದ್ದರೆ ಅದರ ಮೇಲೆ ಸೇರಿಕೊಳ್ಳುತ್ತದೆ. ಅಷ್ಟನ್ನು ಹೊರಲು ಕೋರ್‌ಗೆ ಆಗುವುದಿಲ್ಲ, ಅದು ತುಂಬಿಹೋಗುತ್ತದೆ. ತುಂಬಿದ ಕೋರ್‌ನ ಮೇಲಿರುವ ಸುರುಳಿ ಹೆಚ್ಚೂಕಡಿಮೆ ಬರೀ ತಂತಿಯಂತೆ ವರ್ತಿಸುತ್ತದೆ. ಕೆಲವು ಆವರ್ತನಗಳಲ್ಲಿ ಇದು ತಾನಾಗಿಯೇ ಇಳಿಯುತ್ತದೆ.

ಪ್ರತಿ ಸಲವೂ ಇದು ಇಷ್ಟು ಜೋರಾಗಿ ಬರುವುದಿಲ್ಲ. ಸ್ವಿಚ್ ಕೂಡಿದ ಗಳಿಗೆಯ ಮೇಲೆ ಅದು ನಿಂತಿದೆ. ಆದರೆ ಫ್ಯೂಸ್ ಆರಿಸುವವರು ಅತಿ ಕೆಟ್ಟ ಗಳಿಗೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಅದಕ್ಕೆ ಬಳಕೆಯಲ್ಲಿರುವ ಅಳತೆ ಇಷ್ಟು: ಪೂರ್ಣ ಲೋಡಿನ 25 ಪಟ್ಟು ಕರೆಂಟನ್ನು 0.01 ಸೆಕೆಂಡ್, ಅಂದರೆ ಅರ್ಧ ಆವರ್ತನ, 12 ಪಟ್ಟನ್ನು 0.1 ಸೆಕೆಂಡ್ ಫ್ಯೂಸ್ ತಾಳಿಕೊಳ್ಳಬೇಕು. ನಮ್ಮ ಟಿಸಿಗೆ ಇದು 83 ಮತ್ತು 40 ಆಂಪಿಯರ್.

ಇನ್ನು ಮೇಲಿನ ಮಿತಿ. ಎಲ್‌ಟಿ ಶಾರ್ಟ್ ಆದಾಗ ಟಿಸಿ ಎಷ್ಟು ಹೊತ್ತು ತಾಳುತ್ತದೆ? ಈ ಅಳತೆಯ ಟಿಸಿಗಳ ಇಂಪೀಡೆನ್ಸ್ ಸಾಮಾನ್ಯವಾಗಿ ಶೇ 4.5 ಇರುತ್ತದೆ. 100ನ್ನು 4.5ರಿಂದ ಭಾಗಿಸಿದರೆ 22. ಬುಡದಲ್ಲೇ ಶಾರ್ಟ್ ಆದರೆ ಪೂರ್ಣ ಲೋಡಿನ 22 ಪಟ್ಟು ಕರೆಂಟ್ ಹರಿಯುತ್ತದೆ ಎಂದರ್ಥ. ಎಚ್‌ಟಿ ಕಡೆಯ 73 ಆಂಪಿಯರ್ ಬಂದಿದ್ದು ಇಲ್ಲಿಂದಲೇ. ಈ ಬಿಸಿಯನ್ನು ಸುರುಳಿ 2 ಸೆಕೆಂಡ್ ತಾಳಬೇಕು ಎಂದು ಹಿಡಿದು ವಿನ್ಯಾಸ ಮಾಡಿರುತ್ತಾರೆ. ಫ್ಯೂಸ್ ಅದಕ್ಕೂ ಮೊದಲು ಹೋಗಬೇಕು.

ಇಲ್ಲಿ ಒಂದು ಮೋಸವಿದೆ, ಕೋಷ್ಟಕ ನೋಡಿ ಫ್ಯೂಸ್ ಹಾಕುವವರು ಎಡವುವುದು ಇಲ್ಲೇ. ನಮ್ಮ ಟಿಸಿಗಳ ಎಚ್‌ಟಿ ಸುರುಳಿ ಡೆಲ್ಟಾ, ಎಲ್‌ಟಿ ಸುರುಳಿ ಸ್ಟಾರ್. ಎಲ್‌ಟಿಯಲ್ಲಿ ಮೂರೂ ಫೇಸ್ ಒಟ್ಟಿಗೆ ಶಾರ್ಟ್ ಆಗುವುದು ಅಪರೂಪ, ಒಂದು ಫೇಸ್ ನ್ಯೂಟ್ರಲ್‌ಗೆ ತಾಗುವುದೇ ಹೆಚ್ಚು. ಹಾಗೆ ತಾಗಿದಾಗ ಆ ಫೇಸಿನ ಸುರುಳಿಯಲ್ಲಿ ಅದೇ 22 ಪಟ್ಟು ಕರೆಂಟ್ ಹರಿದು ಅದೇ ಬಿಸಿಯೇಳುತ್ತದೆ. ಆದರೆ ಎಚ್‌ಟಿ ಫ್ಯೂಸಿನ ಮೂಲಕ ಹಾದುಹೋಗುವುದು 73ರ ಶೇ 58, ಸುಮಾರು 42 ಆಂಪಿಯರ್ ಮಾತ್ರ. ಸುರುಳಿಗೆ ಪೂರ್ತಿ ಹೊಡೆತ, ಫ್ಯೂಸಿಗೆ ಅರ್ಧ ಸುದ್ದಿ. ಹಾಗಾಗಿ ಫ್ಯೂಸನ್ನು ಒರೆಗೆ ಹಚ್ಚಬೇಕಾದದ್ದು 73ಕ್ಕಲ್ಲ, 42ಕ್ಕೆ.

ಈಗ ಎಳೆ ಕರಗಿದೊಡನೆ ಕೊಳವೆ ಕೆಳಕ್ಕೆ ಜೋತುಬೀಳುವ ಡಿಒ ಫ್ಯೂಸಿನಲ್ಲಿ ಹಾಕುವ ‘ಕೆ’ ಮಾದರಿಯ ಲಿಂಕ್‌ಗಳನ್ನು ನೋಡೋಣ. ಇವುಗಳ ಮೇಲೆ ಬರೆದ ಆಂಪಿಯರ್ ನಂಬಿ ಕೂರಬಾರದು. 6 ಆಂಪಿಯರ್ ಎಂದು ಬರೆದ ಲಿಂಕ್ 7ಕ್ಕೆ ಕರಗುವುದಿಲ್ಲ. 12 ಆಂಪಿಯರ್ ಐದು ನಿಮಿಷ ಹರಿದರೆ ಕರಗಲು ಶುರುವಾಗುತ್ತದೆ. 10 ಸೆಕೆಂಡಿನಲ್ಲಿ ಕರಗಲು 13.5ರಿಂದ 20.5 ಆಂಪಿಯರ್, 0.1 ಸೆಕೆಂಡಿನಲ್ಲಿ ಕರಗಲು 72ರಿಂದ 86 ಆಂಪಿಯರ್ ಬೇಕು. ಒಂದು ಸಂಖ್ಯೆಯ ಬದಲು ಎರಡು ಇರುವುದು ಲಿಂಕಿನಿಂದ ಲಿಂಕಿಗೆ ಬರುವ ವ್ಯತ್ಯಾಸಕ್ಕೆ. ಇದಲ್ಲದೆ ಈ ಅಂಕಿಗಳು ಹೊಸ, ತಣ್ಣಗಿರುವ ಲಿಂಕಿಗೆ ಅನ್ವಯ. ಬಿಸಿಲಲ್ಲಿ ಲೋಡ್ ಹೊತ್ತು ಕೂತಿರುವ ಲಿಂಕಿಗೆ ಕೆಳಗಿನ ಅಂಕಿಯ ಮುಕ್ಕಾಲು ಭಾಗವನ್ನಷ್ಟೇ ನೆಚ್ಚಿಕೊಳ್ಳುವುದು ವಾಡಿಕೆ. 72ರ ಮುಕ್ಕಾಲು 54. ಇನ್‌ರಶ್ ಕೇಳುವುದು 40, ಹಾಗಾಗಿ 6 ಆಂಪಿಯರ್ ಲಿಂಕ್ ಪಾಸ್. ಫೇಸ್-ನ್ಯೂಟ್ರಲ್ ಶಾರ್ಟಿನ 42 ಆಂಪಿಯರಿಗೆ ಅದು ಒಂದು ಸೆಕೆಂಡಿನೊಳಗೇ ಕರಗುತ್ತದೆ. ಅಲ್ಲಿಯೂ ಪಾಸ್.

ಹಾಗಾದರೆ 6 ಹಾಕಿ ಮುಗಿಸಬಹುದೇ? ಟಿಸಿ ಬರೀ ಮನೆಗಳಿಗೆ ಕರೆಂಟ್ ಕೊಡುತ್ತಿದ್ದರೆ ಮುಗಿಸಬಹುದು. ಪಂಪ್‌ಸೆಟ್‌ಗಳಿದ್ದರೆ ಇನ್ನೊಂದು ಪರೀಕ್ಷೆ ಬಾಕಿ ಇದೆ. ಕರ್ನಾಟಕದ ಹಳ್ಳಿಗಳಲ್ಲಿ ಕೃಷಿಗೆ ತ್ರೀ ಫೇಸ್ ಬರುವುದು ಪಾಳಿಯ ಮೇಲೆ. ಬಂದ ಕ್ಷಣವೇ ಆಟೋ ಸ್ಟಾರ್ಟರ್ ಇರುವ ಎಲ್ಲ ಮೋಟರ್‌ಗಳೂ ಒಟ್ಟಿಗೆ ಎದ್ದು ನಿಲ್ಲುತ್ತವೆ. 5 ಎಚ್‌ಪಿ ಮೋಟರ್ ಓಡುವಾಗ ಸುಮಾರು 7.5 ಆಂಪಿಯರ್ ಎಳೆದರೆ, ಏಳುವಾಗ ಅದರ ಆರು ಪಟ್ಟು ಕೇಳುತ್ತದೆ. 63 ಕೆವಿಎಗೆ ಲೆಕ್ಕದ ಪ್ರಕಾರ 11 ಮೋಟರ್ ಸಾಕು. ಅಲ್ಲಿ 14 ಇವೆ ಎಂದುಕೊಳ್ಳಿ, ಇದೇನೂ ಅತಿಶಯೋಕ್ತಿಯಲ್ಲ. ಎಲ್ಲವೂ ಒಮ್ಮೆಗೇ ಎದ್ದರೆ ಕೇಳುವುದು 630 ಆಂಪಿಯರ್. ಟಿಸಿಯೊಳಗೇ ವೋಲ್ಟೇಜ್ ಕುಸಿಯುವುದರಿಂದ ನಿಜಕ್ಕೂ ಸಿಗುವುದು 470ರಷ್ಟು. ಎಚ್‌ಟಿ ಕಡೆ ಅದು 18 ಆಂಪಿಯರ್ ಮೀರುತ್ತದೆ. ವೋಲ್ಟೇಜ್ ಮುಕ್ಕಾಲಿಗೆ ಇಳಿದರೆ ಮೋಟರಿನ ತಿರುಗುಬಲ ಅರ್ಧದ ಆಸುಪಾಸಿಗೆ ಬೀಳುತ್ತದೆ. ಆಗ ಕ್ಷಣದಲ್ಲಿ ಏಳಬೇಕಾದ ಮೋಟರ್ ಗುಂಯ್‌ಗುಡುತ್ತಾ ಸೆಕೆಂಡುಗಟ್ಟಲೆ ತಡೆಯುತ್ತದೆ. 18 ಆಂಪಿಯರ್ ಇಷ್ಟು ಹೊತ್ತು ಹರಿದರೆ 6 ಆಂಪಿಯರ್ ಲಿಂಕ್ ಕರಗುವ ಅಂಚಿಗೆ ಬರುತ್ತದೆ. ಒಂದು ದಿನ ತಾಳುತ್ತದೆ, ಇನ್ನೊಂದು ದಿನ ತಾಳುವುದಿಲ್ಲ. ಅರೆಬರೆ ಕರಗಿ ಉಳಿದ ಲಿಂಕ್ ಮಳೆ ಗಾಳಿ ಏನೂ ಇಲ್ಲದ ದಿನ ಕಾರಣವಿಲ್ಲದೆ ಹೋದಂತೆ ಕಾಣುತ್ತದೆ. ಒಂದು ಫೇಸಿನದು ಹೋದಾಗ ಮೂರನ್ನೂ ಬದಲಿಸಬೇಕು ಎನ್ನುವುದು ಇದೇ ಕಾರಣಕ್ಕೆ.

10 ಆಂಪಿಯರ್ ಲಿಂಕ್ ಹಾಕಿದರೆ ಈ ಕಾಟ ತಪ್ಪುತ್ತದೆ. 10 ಸೆಕೆಂಡಿನಲ್ಲಿ ಕರಗಲು ಅದಕ್ಕೆ ಕನಿಷ್ಠ 22.5 ಆಂಪಿಯರ್ ಬೇಕು. ಆದರೆ 42 ಆಂಪಿಯರಿನ ಫೇಸ್-ನ್ಯೂಟ್ರಲ್ ಶಾರ್ಟಿಗೆ ಅದು ಒಂದು ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ತೆಗೆದುಕೊಳ್ಳುವುದರಿಂದ 2 ಸೆಕೆಂಡಿನ ಗಡಿಗೆ ಹೆಚ್ಚು ಅಂತರ ಉಳಿಯುವುದಿಲ್ಲ. ಪಂಪ್‌ಸೆಟ್ ಟಿಸಿಗೆ 8 ಆಂಪಿಯರ್ ಲಿಂಕ್ ಹದವಾದದ್ದು ಎಂಬುದು ನಮ್ಮ ಅಭಿಪ್ರಾಯ, 10ಕ್ಕಿಂತ ಮೇಲೆ ಮಾತ್ರ ಹೋಗಲೇಬಾರದು. ಅಷ್ಟಕ್ಕೂ ನಿಲ್ಲದಿದ್ದರೆ ತಪ್ಪು ಫ್ಯೂಸಿನದಲ್ಲ. ಆಟೋ ಸ್ಟಾರ್ಟರ್ ತೆಗೆಸಬೇಕು, ಇಲ್ಲವೇ ಒಂದೊಂದೂ ಬೇರೆ ಬೇರೆ ಹೊತ್ತಿಗೆ ಏಳುವಂತೆ ಟೈಮರ್ ಇಡಬೇಕು.

ಓವರ್‌ಲೋಡ್‌ನಿಂದ ಎಚ್‌ಟಿ ಫ್ಯೂಸ್ ಕಾಪಾಡುತ್ತದೆ ಎಂಬ ನಂಬಿಕೆಯನ್ನೂ ಇಲ್ಲೇ ಬಿಡಬೇಕು. 14 ಮೋಟರ್ ಇಡೀ ಪಾಳಿ ಓಡಿದರೆ ಎಚ್‌ಟಿ ಕಡೆ ಹರಿಯುವುದು 4.1 ಆಂಪಿಯರ್. 12 ಆಂಪಿಯರಿಗೆ ಎಚ್ಚೆತ್ತುಕೊಳ್ಳುವ ಲಿಂಕಿಗೆ ಇದು ಗೊತ್ತೇ ಆಗುವುದಿಲ್ಲ, ಆಯಿಲ್ ಮಾತ್ರ ಗಂಟೆಗಟ್ಟಲೆ ಬಿಸಿಯಾಗುತ್ತಿರುತ್ತದೆ. ಇದನ್ನೂ ಹಿಡಿಯುವಷ್ಟು ಸಣ್ಣ ಫ್ಯೂಸ್ ಇನ್‌ರಶ್‌ಗೆ ಮೊದಲ ದಿನವೇ ಹೋಗುತ್ತದೆ. ಓವರ್‌ಲೋಡ್ ಕಾಯುವ ಕೆಲಸ ಎಲ್‌ಟಿ ಕಡೆಯ ಫ್ಯೂಸ್ ಅಥವಾ ಬ್ರೇಕರಿನದು. ಅಲ್ಲಿ ಫ್ಯೂಸ್ ಇರಬೇಕಾದ ಜಾಗದಲ್ಲಿ ಅಲ್ಯೂಮಿನಿಯಂ ತಂತಿ ಸುತ್ತಿದ್ದರೆ ಮೇಲೆ ಎಂಥ ಲಿಂಕ್ ಹಾಕಿಯೂ ಉಪಯೋಗವಿಲ್ಲ.

25 ಕೆವಿಎ ಟಿಸಿಯಲ್ಲಿ ಜಾಗ ಇನ್ನೂ ಇಕ್ಕಟ್ಟು. ಅದರ ಪೂರ್ಣ ಲೋಡ್ ಬರೀ 1.3 ಆಂಪಿಯರ್, ಫೇಸ್-ನ್ಯೂಟ್ರಲ್ ಶಾರ್ಟ್ ಆದಾಗ ಫ್ಯೂಸಿಗೆ ಕಾಣುವುದು 17. ಈ 17ಕ್ಕೆ 6 ಆಂಪಿಯರ್ ಲಿಂಕ್ 2 ಸೆಕೆಂಡಿನೊಳಗೆ ಹೋಗುತ್ತದೆಂಬ ಭರವಸೆ ಇಲ್ಲ, ಹಾಗಾಗಿ 3 ಆಂಪಿಯರಿನದೇ ಗತಿ. ಅದರ ಎಳೆ ಎಷ್ಟು ತೆಳುವೆಂದರೆ ಸಿಡಿಲಿನ ಸರ್ಜ್ ಅದರ ಮೂಲಕ ಹಾದು ಲೈಟ್ನಿಂಗ್ ಅರೆಸ್ಟರ್‌ಗೆ ಹೋದರೂ ಸಾಕು, ಕಿತ್ತುಹೋಗುತ್ತದೆ. ಅರೆಸ್ಟರನ್ನು ಫ್ಯೂಸಿಗೆ ಮೊದಲೇ, ಲೈನ್ ಕಡೆ ಕೂರಿಸಿದರೆ ಇದು ತಪ್ಪುತ್ತದೆ. ಆದರೆ ಟಿಸಿಯಿಂದ ದೂರವಾದಷ್ಟೂ ಅರೆಸ್ಟರ್ ಕೊಡುವ ರಕ್ಷಣೆ ಕುಗ್ಗುತ್ತದೆ, ತಂತಿಗಳನ್ನು ಆದಷ್ಟು ಗಿಡ್ಡ ಇಡಬೇಕು.

ಲಿಂಕ್ ಇಲ್ಲದ ಎಚ್‌ಜಿ ಫ್ಯೂಸಿನಲ್ಲಿ ಕೊಂಬಿನಂತೆ ಬಾಗಿದ ಎರಡು ಸರಳುಗಳ ನಡುವೆ ಕಟ್ಟುವುದು ತವರ ಲೇಪಿಸಿದ ತಾಮ್ರದ ತಂತಿ. ತಂತಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದನ್ನು ಅದರ ವರ್ಗಮೂಲದಿಂದ ಗುಣಿಸಿ, ಬಂದದ್ದನ್ನು 80ರಿಂದ ಗುಣಿಸಿದರೆ ತಾಮ್ರ ಕರಗುವ ಆಂಪಿಯರ್ ಹೆಚ್ಚೂಕಡಿಮೆ ಸಿಗುತ್ತದೆ. 0.27 ಮಿ.ಮೀ.ನ 32 ಗೇಜ್ ತಂತಿಗೆ ಇದು 11 ಆಂಪಿಯರ್ ಚಿಲ್ಲರೆ, 0.91 ಮಿ.ಮೀ.ನ 20 ಗೇಜ್ ತಂತಿಗೆ ಸುಮಾರು 70. ಎರಡನೆಯದನ್ನು ಕಟ್ಟಿದ 63 ಕೆವಿಎ ಟಿಸಿಯಲ್ಲಿ ಫೇಸ್-ನ್ಯೂಟ್ರಲ್ ಶಾರ್ಟ್ ಆದರೆ ಹರಿಯುವ 42ಕ್ಕೆ ಆ ತಂತಿ ಕರಗುವುದೇ ಇಲ್ಲ.

ಫ್ಯೂಸ್ ಹೋದಾಗ ಯಾವುದು ಹೋಗಿದೆ ಎಂಬುದು ಊರಿನ ಬಲ್ಬ್‌ಗಳಿಂದಲೇ ತಿಳಿಯುತ್ತದೆ. ಎಚ್‌ಟಿಯ ಒಂದು ಫ್ಯೂಸ್ ಹೋದರೆ ಎಲ್‌ಟಿಯ ಒಂದು ಫೇಸ್ ಸರಿಯಾಗಿ ಉರಿಯುತ್ತದೆ, ಉಳಿದೆರಡು ಅರ್ಧ ವೋಲ್ಟೇಜಿನಲ್ಲಿ ಮಂಕಾಗುತ್ತವೆ. ಎಲ್‌ಟಿ ಫ್ಯೂಸ್ ಹೋಗಿದ್ದರೆ ಒಂದೇ ಫೇಸ್ ಪೂರ್ತಿ ಕತ್ತಲಾಗುತ್ತದೆ. ಎಚ್‌ಟಿ ಫ್ಯೂಸೇ ಆಗಿದ್ದರೆ ಲೈನ್ ಕ್ಲಿಯರ್ ಪಡೆದು, ಎಲ್‌ಟಿ ಫ್ಯೂಸ್‌ಗಳನ್ನೆಲ್ಲ ಕಿತ್ತು, ನ್ಯೂಟ್ರಲ್‌ನ ಅರ್ತ್ ಬಿಡಿಸಿ, ಎಚ್‌ಟಿ-ಅರ್ತ್, ಎಲ್‌ಟಿ-ಅರ್ತ್, ಎಚ್‌ಟಿ-ಎಲ್‌ಟಿ ಮೂರನ್ನೂ ಇನ್ಸುಲೇಶನ್ ಅಳೆಯುವ ಮೆಗ್ಗರ್ ಹಿಡಿದು ನೋಡಬೇಕು. ಮೆಗ್ಗರ್ ಕೆಟ್ಟದ್ದು ತೋರಿಸಿದರೆ ಹೊಸ ಲಿಂಕ್ ಹಾಕಿ ಚಾರ್ಜ್ ಮಾಡಿ ನೋಡುವ ಪ್ರಯೋಗ ಬೇಡ, ಟಿಸಿಯನ್ನು ಇಳಿಸಬೇಕು. ಸರಿಯಿದ್ದರೆ ನ್ಯೂಟ್ರಲ್‌ನ ಅರ್ತನ್ನು ಮತ್ತೆ ಜೋಡಿಸಿ, ಲೋಡ್ ಇಲ್ಲದೆಯೇ ಚಾರ್ಜ್ ಮಾಡಬೇಕು. ಲಿಂಕ್ ನಿಂತರೆ ಒಂದೊಂದೇ ಎಲ್‌ಟಿ ಫ್ಯೂಸ್ ಹಾಕುತ್ತಾ ಹೋಗಬೇಕು. ಲೋಡ್ ಇಲ್ಲದೆಯೂ ಲಿಂಕ್ ಮತ್ತೆ ಹೋದರೆ ದೋಷ ಟಿಸಿಯ ಒಳಗಿದೆ ಎಂದೇ ತಿಳಿಯಬೇಕು, ಏಕೆಂದರೆ ಸರಿಯಾಗಿ ಲೆಕ್ಕ ಹಾಕಿದ ಲಿಂಕ್ ಬರೀ ಇನ್‌ರಶ್‌ಗೆ ಹೋಗುವುದಿಲ್ಲ.