ನೀರು ಇಳಿದಂತೆ ಇಳಿಯುವ ಬಾವಿ: ಗುಜರಾತಿನ ವಾವ್‌ಗಳ ರಚನೆ

ಗುಜರಾತಿನ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ಆಮೇಲೆ ಮುಂದಿನ ಮುಂಗಾರಿನವರೆಗೂ ಅಂತರ್ಜಲ ಕುಸಿಯುತ್ತಲೇ ಇರುತ್ತದೆ. ಸಾಮಾನ್ಯ ಬಾವಿಯಲ್ಲಾದರೆ ಹಗ್ಗ ಉದ್ದ ಮಾಡಿಕೊಂಡರಾಯಿತು. ಅಲ್ಲಿನ ‘ವಾವ್’ ಎಂಬ ಮೆಟ್ಟಿಲುಬಾವಿ ಕಟ್ಟಿದವರು ಮನುಷ್ಯನೇ ನೀರಿನ ಹಿಂದೆ ಇಳಿದು ಹೋಗುವಂತೆ ಮಾಡಿದರು.

ವಾವ್‌ನ ಒಂದು ತುದಿಯಲ್ಲಿ ದುಂಡನೆಯ ಬಾವಿ; ಅದರ ಕಡೆಗೆ ನೆಲದಿಂದ ಇಳಿಯುವ ಉದ್ದನೆಯ ಮೆಟ್ಟಿಲ ಓಣಿ. ಮೆಟ್ಟಿಲುಗಳು ಎಡೆಬಿಡದೆ ಇಳಿಯುವುದಿಲ್ಲ, ನಡುನಡುವೆ ಅಗಲವಾದ ಜಗಲಿಗಳಿವೆ. ಮಳೆಗಾಲದಲ್ಲಿ ಕೆಳಗಿನವು ಮುಳುಗಿ ಮೇಲಿನ ಜಗಲಿಯೇ ದಡವಾಗುತ್ತದೆ. ಬೇಸಿಗೆಯಲ್ಲಿ ಕೊಡ ಹೊತ್ತು ತಳದಿಂದ ಹತ್ತುವವರಿಗೆ ಅದೇ ಜಗಲಿ ದಣಿವಾರಿಸಿಕೊಳ್ಳುವ ತಾವು.

ಮೆಟ್ಟಿಲ ಓಣಿಗೆ ಅಡ್ಡಲಾಗಿ ನಿಂತ ಕಂಬದ ಮಂಟಪಗಳ ವಿಷಯ ಇನ್ನೂ ಸ್ವಾರಸ್ಯಕರ. ಅವನ್ನು ಬರಿಯ ಅಲಂಕಾರವೆಂದುಕೊಳ್ಳುವವರೇ ಹೆಚ್ಚು. ಜುನಾಗಢದ ಉಪರ್‌ಕೋಟ್ ಕೋಟೆಯ ಆದಿ-ಕಡಿ ವಾವ್ ನೋಡಿದರೆ ನಿಜ ತಿಳಿಯುತ್ತದೆ. ಅದನ್ನು ಇಡಿಯಾಗಿ ಬಂಡೆಯಲ್ಲಿ ಕೊರೆದಿದ್ದಾರೆ. ಎರಡೂ ಬದಿಗೆ ಕಡಿದಾದ ಗೋಡೆ, ನಡುವೆ ಮೆಟ್ಟಿಲು, ಒಂದೂ ಮಂಟಪವಿಲ್ಲ. ಬಂಡೆ ತಾನಾಗಿ ನಿಲ್ಲುತ್ತದೆ. ರಾಣಿ ಉದಯಮತಿ 11ನೇ ಶತಮಾನದಲ್ಲಿ ಕಟ್ಟಿಸಿದ ಪಾಟಣದ ರಾಣಿ ಕಿ ವಾವ್ ಇರುವುದು ನದಿ ತಂದು ಹಾಕಿದ ಸಡಿಲ ಮಣ್ಣಿನಲ್ಲಿ. ಅಲ್ಲಿ ಮೆಟ್ಟಿಲುಗಳ ತಳದ ಕೊಳ 23 ಮೀಟರ್ ಆಳದಲ್ಲಿದೆ. ಅಷ್ಟು ಆಳಕ್ಕೆ ಅಗೆದ ಓಣಿಯ ಎರಡೂ ಗೋಡೆಗಳನ್ನು ಹಿಂದಿನ ಮಣ್ಣು ಒಳಕ್ಕೆ ತಳ್ಳುತ್ತದೆ.

ಈ ಒತ್ತಡ ಹೆಚ್ಚು ಅಪಾಯಕಾರಿಯಾಗುವುದು ಮಳೆ ನಿಂತ ಮೇಲೆ. ಓಣಿಯೊಳಗಿನ ನೀರು ಗೋಡೆಗೆ ಎದುರೊತ್ತು ಕೊಡುತ್ತಿರುತ್ತದೆ. ಆ ನೀರು ಬೇಗ ಇಳಿದುಹೋದರೂ ಹಿಂದಿನ ಮಣ್ಣು ನೆನೆದೇ ಇರುತ್ತದೆ, ಭಾರವಾಗಿ ಒಳಕ್ಕೆ ಒರಗುತ್ತದೆ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಕಲ್ಲಿನ ಸಂದು ಬಾಯಿ ತೆರೆದಿದ್ದರೆ ಅದು ಇದರ ಗುರುತು. ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಕೂರಿಸಿದ ಮಂಟಪದ ತೊಲೆಗಳು ಎರಡನ್ನೂ ದೂರ ತಳ್ಳಿ ಹಿಡಿಯುತ್ತವೆ. ಓಣಿ ಆಳವಾದಂತೆ ಮಂಟಪದ ಅಂತಸ್ತುಗಳೂ ಹೆಚ್ಚುತ್ತವೆ.

ಗೋಡೆಗೆ ಆಸರೆಯಾಗಲೆಂದು ಕಟ್ಟಿದ ಈ ಅಂತಸ್ತುಗಳನ್ನು ಜನ ಋತುವಿಗೆ ತಕ್ಕಂತೆ ಬಳಸಿಕೊಂಡರು. 1499ರ ಅಡಾಲಜ್ ವಾವ್‌ನಲ್ಲಿ ಐದು ಅಂತಸ್ತುಗಳಿವೆ. ಕೆಳಗಿನದು ಮುಳುಗಿದಾಗ ಮೇಲಿನ ಅಂತಸ್ತಿನಲ್ಲಿ ನಿಂತು ನೀರು ಸೇದಬಹುದು, ಬಿಸಿಲಿನ ದಿನಗಳಲ್ಲಿ ತಂಪಿನಲ್ಲಿ ಕೂರಬಹುದು.

ಪಾಟಣದಲ್ಲಿ ಸರಸ್ವತಿ ನದಿಯ ಪ್ರವಾಹ ತಂದ ಹೂಳು ಇಡೀ ರಚನೆಯನ್ನೇ ತುಂಬಿತು. ಪುರಾತತ್ವ ಇಲಾಖೆ ಅದನ್ನು ತೆಗೆದದ್ದು 1980ರ ದಶಕದಲ್ಲಿ. ಆದರೆ ಬಳಕೆಯಲ್ಲಿದ್ದ ಸಾಧಾರಣ ಮೆಟ್ಟಿಲುಬಾವಿಗಳನ್ನು ಕಾಡಿದ್ದು ಬೇರೆಯೇ ಕಾರಣ. ಕಾಲು ನೀರಿಗೆ ತಾಕುವ ಅನುಕೂಲವೇ, ಕಾಲಿನ ಹುಣ್ಣಿನಿಂದ ಉದ್ದನೆಯ ಹುಳು ಹೊರಬರುವ ನಾರುಹುಣ್ಣು ರೋಗಕ್ಕೆ ದಾರಿಯಾಯಿತು: ಹುಣ್ಣಿನಿಂದ ಹುಳುವಿನ ಮರಿಗಳು ನೀರಿಗೆ ಬೀಳುತ್ತಿದ್ದವು, ಅದೇ ನೀರನ್ನು ಊರೆಲ್ಲ ಕುಡಿಯುತ್ತಿತ್ತು. ಗುಜರಾತ್, ರಾಜಸ್ಥಾನಗಳಂತೆ ನಮ್ಮ ಕರ್ನಾಟಕದಲ್ಲೂ ಈ ರೋಗವಿತ್ತು. 1980ರ ದಶಕದಲ್ಲಿ ಆರಂಭವಾದ ನಿರ್ಮೂಲನ ಕಾರ್ಯಕ್ರಮದಲ್ಲಿ ಇಂಥ ಬಾವಿಗಳ ಮೆಟ್ಟಿಲು ಮುಚ್ಚಿ, ಕಟ್ಟೆ ಕಟ್ಟಿ, ಸೇದುವ ಬಾವಿಗಳನ್ನಾಗಿ ಮಾಡಲಾಯಿತು, ಕೊಳವೆಬಾವಿಗಳನ್ನೂ ಕೊರೆಯಲಾಯಿತು. ಭಾರತ ನಾರುಹುಣ್ಣಿನಿಂದ ಮುಕ್ತವೆಂದು 2000ದಲ್ಲಿ ಘೋಷಣೆಯಾಯಿತು.